ಮಾತ್ರೆ ನುಂಗಿದ ಮೇಲೆ ನೀರು ಬೇಡ: ಹಾಸಿಗೆ ಒದ್ದೆಯ ಔಷಧಿಯ ಲೆಕ್ಕ

ಡೆಸ್ಮೋಪ್ರೆಸಿನ್ ಮಾತ್ರೆ ನೋಡೋಕೆ ತುಂಬಾ ಚಿಕ್ಕದು. ರಾತ್ರಿ ಹಾಸಿಗೆ ಒದ್ದೆ ಮಾಡುವ ದೊಡ್ಡ ಮಕ್ಕಳಿಗೆ, ಅಂದ್ರೆ ಸಾಮಾನ್ಯವಾಗಿ ಆರೇಳು ವರ್ಷ ದಾಟಿದವರಿಗೆ, ಡಾಕ್ಟರು ಬರೆದುಕೊಡುತ್ತಾರೆ. ಎಷ್ಟೋ ಮಕ್ಕಳಿಗೆ ಕೆಲವೇ ದಿನದಲ್ಲಿ ಫಲ ಕಾಣುತ್ತೆ. ಆದರೆ ಇದರ ಜೊತೆಗೆ ಬರುವ ನೀರಿನ ನಿಯಮವನ್ನು ಮನೆಯವರು ಪಥ್ಯದ ಥರ ತಗೊಳ್ತಾರೆ, ‘ಆದ್ರೆ ಪಾಲಿಸೋಣ’ ಅನ್ನೋ ಹಾಗೆ. ಅದು ಪಥ್ಯ ಅಲ್ಲ, ಡೋಸಿನದೇ ಅರ್ಧ ಭಾಗ. ನಮ್ಮ ಅಕ್ಕನ ಮಗನಿಗೆ ಈ ಮಾತ್ರೆ ಶುರುವಾದಾಗ ನಾನು ಕೂತು ಅರ್ಥ ಮಾಡಿಕೊಂಡಿದ್ದನ್ನು ಇಲ್ಲಿ ಬರೀತಿದ್ದೀನಿ.

ನಮ್ಮ ಮೆದುಳು ರಾತ್ರಿ ಹೊತ್ತು ವಾಸೋಪ್ರೆಸಿನ್ ಅನ್ನೋ ಹಾರ್ಮೋನನ್ನು ಹೆಚ್ಚು ಬಿಡುತ್ತೆ. ಅದು ಕಿಡ್ನಿಗೆ ‘ನೀರು ಉಳಿಸಿಕೋ’ ಅಂತ ಹೇಳುತ್ತೆ, ಮೂತ್ರ ಕಡಿಮೆಯಾಗುತ್ತೆ. ಕೆಲವು ಮಕ್ಕಳಲ್ಲಿ ಈ ಸೂಚನೆ ರಾತ್ರಿ ಸಾಕಷ್ಟು ಬರೋದಿಲ್ಲ. ಡೆಸ್ಮೋಪ್ರೆಸಿನ್ ಅದೇ ಹಾರ್ಮೋನಿನ ತಯಾರಿಸಿದ ರೂಪ. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ನಾವು ಜಾಸ್ತಿ ನೀರು ಕುಡಿದರೆ ಮೆದುಳು ಹಾರ್ಮೋನ್ ನಿಲ್ಲಿಸಿ, ಹೆಚ್ಚಾದ ನೀರನ್ನು ಹೊರಗೆ ಕಳಿಸುತ್ತೆ. ಮಾತ್ರೆಗೆ ಆ ಬುದ್ಧಿ ಇಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹಾರ್ಡ್‌ಕೋಡ್ ಮಾಡಿದ ಹಾಗೆ: ನುಂಗಿದ ಮೇಲೆ ಗಂಟೆಗಟ್ಟಲೆ ಕಿಡ್ನಿ ನೀರು ಬಿಡಲ್ಲ, ನೀವೆಷ್ಟೇ ಕುಡಿಸಿದ್ರೂ. ಹೊರಗೆ ಹೋಗದ ನೀರು ರಕ್ತಕ್ಕೆ ಸೇರಿ ಸೋಡಿಯಂ ತೆಳುವಾಗುತ್ತೆ. 135ರಿಂದ 145ರ ನಡುವೆ ಇರಬೇಕಾದ ಸೋಡಿಯಂ ತೀರಾ ಇಳಿದರೆ ಮೆದುಳಿನ ಜೀವಕೋಶಗಳು ಊದಿಕೊಳ್ಳುತ್ತವೆ, ಫಿಟ್ಸ್ ಬರಬಹುದು.

ಇದು ಬರೀ ಪುಸ್ತಕದ ಭಯ ಅಲ್ಲ. ಇದೇ ಔಷಧಿ ಮೂಗಿಗೆ ಹೊಡೆಯುವ ಸ್ಪ್ರೇ ಆಗಿಯೂ ಸಿಗುತ್ತೆ. ಸ್ಪ್ರೇ ಬಳಸಿದವರಲ್ಲಿ ಸೋಡಿಯಂ ಇಳಿದು ಫಿಟ್ಸ್ ಬಂದ ವರದಿಗಳ ಕಾರಣಕ್ಕೆ 2007ರಲ್ಲಿ ಅಮೆರಿಕದ ಎಫ್‌ಡಿಎ, ಹಾಸಿಗೆ ಒದ್ದೆಗೆ ಸ್ಪ್ರೇ ಬಳಸಬಾರದು ಅಂತ ಹೇಳಿತು. ಮನೆಯಲ್ಲಿ ಯಾರಿಗೋ ಬೇರೆ ಕಾಯಿಲೆಗೆ ಕೊಟ್ಟ ಸ್ಪ್ರೇ ಇದ್ದರೆ, ಹೆಸರು ಒಂದೇ ಅಂತ ಮಗುವಿಗೆ ಹಾಕಬೇಡಿ.

ಈಗ ನಮ್ಮ ಹುಡುಗನ ಲೆಕ್ಕ. ವಯಸ್ಸು ಹತ್ತು. ಡಾಕ್ಟರು ಮೊದಲು ಮಲಬದ್ಧತೆ, ಮೂತ್ರದ ಸೋಂಕು, ಸಕ್ಕರೆ ಎಲ್ಲ ಇಲ್ಲ ಅಂತ ನೋಡಿಕೊಂಡರು. ಆಮೇಲೆ, ರಾತ್ರಿ ಎಷ್ಟು ಮೂತ್ರ ಆಗುತ್ತೆ ಅಳೆದು ತನ್ನಿ ಅಂದರು. ಆ ವಯಸ್ಸಿನ ಮೂತ್ರಕೋಶ ಎಷ್ಟು ಹಿಡಿಯಬೇಕು ಅನ್ನೋದಕ್ಕೆ ಸುಲಭ ಸೂತ್ರ ಇದೆ: ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿ. ಹತ್ತು ವರ್ಷಕ್ಕೆ 330 ಎಂಎಲ್. ರಾತ್ರಿಯ ಒಟ್ಟು ಮೂತ್ರ ಇದರ ಶೇ. 130 ದಾಟಿದರೆ, ಅಂದ್ರೆ ಸುಮಾರು 430 ಎಂಎಲ್‌ಗಿಂತ ಜಾಸ್ತಿ ಇದ್ದರೆ, ರಾತ್ರಿ ಮೂತ್ರ ಹೆಚ್ಚು ಉತ್ಪತ್ತಿಯಾಗ್ತಿದೆ ಅಂತ ಅರ್ಥ.

ಅಕ್ಕ ಡೈಪರನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದಳು. ಒಣಗಿದ್ದಾಗ 60 ಗ್ರಾಂ, ಬೆಳಿಗ್ಗೆ 410. ಅಲ್ಲಿಗೆ 350 ಎಂಎಲ್. ಎದ್ದ ಕೂಡಲೇ ಅಳತೆಯ ಲೋಟದಲ್ಲಿ ಹಿಡಿದಿದ್ದು 160. ಒಟ್ಟು 510. ಇನ್ನೂ ಕೆಲವು ರಾತ್ರಿ ಅಳೆದಾಗಲೂ ಹೆಚ್ಚುಕಮ್ಮಿ ಅಷ್ಟೇ. ಇಂಥ ಮಕ್ಕಳಿಗೇ ಈ ಮಾತ್ರೆ ಚೆನ್ನಾಗಿ ಹಿಡಿಯೋದು. ಮೂತ್ರ ಮಾಮೂಲಿನಷ್ಟೇ ಇದ್ದು ಮೂತ್ರಕೋಶ ಹಿಡಿಯೋದು ಕಡಿಮೆ ಅಂದ್ರೆ ಫಲ ಕಡಿಮೆ. ಅಂಥವರಿಗೆ ಒದ್ದೆಯಾದ ಕೂಡಲೇ ಎಬ್ಬಿಸುವ ಅಲಾರಂ ಮೊದಲು ಯೋಚಿಸಬೇಕು.

ಡೋಸ್ ಮಗುವಿನ ತೂಕ ನೋಡಿ ಕೊಡೋದಲ್ಲ. ಶುರು 0.2 ಮಿಲಿಗ್ರಾಂ, ಮಲಗೋಕೆ ಒಂದು ಗಂಟೆ ಮೊದಲು. ಎರಡು ವಾರ ನಾಲಗೆ ಹೊರಳಿಸದೆ ನುಂಗಿದ ಹುಡುಗ, 14 ರಾತ್ರಿಯಲ್ಲಿ ಆರು ರಾತ್ರಿ ಮಾತ್ರ ಒದ್ದೆ ಮಾಡಿದ. ಮೊದಲು ಹನ್ನೆರಡಾಗ್ತಿತ್ತು. ಡಾಕ್ಟರು 0.4ಕ್ಕೆ ಏರಿಸಿದರು, ಮುಂದಿನ ಹದಿನಾಲ್ಕರಲ್ಲಿ ಎರಡು. ಏರಿಸೋದು ಡಾಕ್ಟರ ಕೆಲಸ. ನಿನ್ನೆ ಮರೆತಿದ್ದಕ್ಕೆ ಇವತ್ತು ಎರಡು ಕೊಡೋದಂತೂ ಬೇಡವೇ ಬೇಡ.

ಇಲ್ಲೊಂದು ಎಡವಟ್ಟಿನ ಜಾಗ ಇದೆ. ನಾಲಗೆ ಕೆಳಗೆ ಇಟ್ಟರೆ ಕರಗುವ ರೂಪವೂ ಇದೆ, ಅದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಅದರ 120 ಮೈಕ್ರೋಗ್ರಾಂ, ನುಂಗುವ ಮಾತ್ರೆಯ 200 ಮೈಕ್ರೋಗ್ರಾಂಗೆ (ಅಂದ್ರೆ 0.2 ಮಿಲಿಗ್ರಾಂಗೆ) ಸಮ. ಅಂಗಡಿಯಲ್ಲಿ ಒಂದಿಲ್ಲ ಅಂತ ಇನ್ನೊಂದು ಕೊಟ್ಟರೆ ನಂಬರ್ ನೋಡಿ ಹೊಂದಿಸೋಕೆ ಹೋಗಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ನೀರಿನ ನಿಯಮ ಇಷ್ಟು: ಮಾತ್ರೆಗೆ ಒಂದು ಗಂಟೆ ಮುಂಚಿನಿಂದ, ಮಾತ್ರೆ ಆದ ಎಂಟು ಗಂಟೆಯವರೆಗೆ, ಬಾಯಿ ಒದ್ದೆ ಮಾಡುವಷ್ಟು ಗುಟುಕು ಬಿಟ್ಟು ಬೇರೇನೂ ಇಲ್ಲ. ನಮ್ಮ ಹುಡುಗನಿಗೆ ಎಂಟೂವರೆಗೆ ಮಾತ್ರೆ, ಒಂಬತ್ತೂವರೆಗೆ ನಿದ್ದೆ. ಅಂದ್ರೆ ಏಳೂವರೆಗೆ ನೀರು ಬಂದ್, ಬೆಳಗಿನ ಜಾವ ನಾಲ್ಕೂವರೆವರೆಗೆ. ಹೇಳೋಕೆ ಸುಲಭ. ಆ ಮನೆಯಲ್ಲಿ ಊಟ ಆಗ್ತಿದ್ದಿದ್ದೇ ಒಂಬತ್ತಕ್ಕೆ, ಅನ್ನ ಸಾರು, ಮೇಲೊಂದು ಲೋಟ ಮಜ್ಜಿಗೆ, ಮಲಗುವ ಮುಂಚೆ ಹಾಲು. ಸಾರು, ಮಜ್ಜಿಗೆ, ಹಾಲು, ಜ್ಯೂಸು, ಕಲ್ಲಂಗಡಿ, ಎಲ್ಲವೂ ನೀರೇ. ಊಟ ಏಳು ಗಂಟೆಗೆ ಬಂತು, ಹಾಲು ಸಂಜೆ ನಾಲ್ಕಕ್ಕೆ ಹೋಯ್ತು. ಹಗಲಲ್ಲಿ ಚೆನ್ನಾಗಿ ಕುಡಿಸಿದರೆ ರಾತ್ರಿ ಬಾಯಾರಿಕೆ ಬಿಡುತ್ತೆ. ಬೆಳಿಗ್ಗೆಯಿಂದ ಕುಡಿಯದೇ ಇದ್ದು ಸಂಜೆ ಕ್ರಿಕೆಟ್ ಆಡಿ ಬಂದ ಹುಡುಗನಿಗೆ ಬೇಡ ಅನ್ನೋಕಾಗಲ್ಲ.

ಮದುವೆ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಎರಡು ಲೋಟ ಜ್ಯೂಸ್ ಕುಡಿದ ದಿನ ಏನು ಮಾಡೋದು? ಆ ದಿನ ಮಾತ್ರೆ ಬೇಡ. ಒದ್ದೆಯಾದ ಹಾಸಿಗೆ ಒಗೆದರೆ ಆಯ್ತು.

ಒಮ್ಮೆ ಅವನಿಗೆ ವಾಂತಿಭೇದಿ ಶುರುವಾಯ್ತು. ಅಮ್ಮ ಹೇಳಿದ್ದು, “ಮಾತ್ರೆ ಬಿಟ್ರೆ ಮತ್ತೆ ಮೊದಲಿನ ಹಾಗೇ ಆಗುತ್ತೆ, ಕೊಟ್ಟುಬಿಡು.” ಅಕ್ಕ ಫೋನ್ ಮಾಡಿದಳು, “ಓಆರ್‌ಎಸ್ ಕುಡಿಸ್ತಾ ಇದೀನಿ ಕಣೋ, ಇದೂ ಕೊಡಲಾ?” ಬೇಡ. ವಾಂತಿ, ಭೇದಿ, ಜ್ವರದಲ್ಲಿ ಮಗುವಿಗೆ ದ್ರವ ಬೇಕೇಬೇಕು, ಲವಣದ ಲೆಕ್ಕವೂ ತಪ್ಪಿರುತ್ತೆ. ಡಾಕ್ಟರೂ ಅದನ್ನೇ ಹೇಳಿದರು: ಪೂರ್ತಿ ಚೇತರಿಸಿಕೊಳ್ಳುವವರೆಗೆ ನಿಲ್ಲಿಸಿ. ಮೂರು ರಾತ್ರಿ ನಿಲ್ಲಿಸಿದರು. ಜ್ವರಕ್ಕೆ ಐಬುಪ್ರೊಫೆನ್ ಕೊಡುವ ಮುಂಚೆಯೂ ಕೇಳಿ, ಅದು ನೀರು ಉಳಿಯೋದನ್ನು ಇನ್ನೂ ಹೆಚ್ಚಿಸಬಹುದು.

ತೊಂದರೆ ಶುರುವಾದರೆ ಗೊತ್ತಾಗೋದು ಹೀಗೆ: ತಲೆನೋವು, ವಾಕರಿಕೆ, ವಾಂತಿ, ಮಂಕು, ಎಬ್ಬಿಸಿದರೂ ಏಳದ ತೂಕಡಿಕೆ, ಏನೇನೋ ಮಾತು. ಮುಖ ಊದಿದ ಹಾಗೆ ಕಾಣಬಹುದು, ತೂಕ ತಟ್ಟನೆ ಏರಬಹುದು. ಆಗ ‘ಪಿತ್ತ ಆಗಿದೆ, ನೀರು ಕುಡಿ’ ಅನ್ನೋದು ಸರಿಯಾಗಿ ಉಲ್ಟಾ ಕೆಲಸ. ನೀರು, ಮಾತ್ರೆ ಎರಡನ್ನೂ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ, ಡೆಸ್ಮೋಪ್ರೆಸಿನ್ ತಗೊಳ್ತಿದ್ದಾನೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಸೋಡಿಯಂ ಪರೀಕ್ಷೆ ಮಾಡುತ್ತಾರೆ.

ಮೂರು ತಿಂಗಳಿಗೊಮ್ಮೆ ಒಂದು ವಾರ ಮಾತ್ರೆ ನಿಲ್ಲಿಸಿ ನೋಡಬೇಕು, ಇನ್ನೂ ಬೇಕಾ ಅಂತ. ನಮ್ಮ ಹುಡುಗ ಮೊದಲ ಸಲ ನಿಲ್ಲಿಸಿದಾಗ ಏಳರಲ್ಲಿ ಐದು ರಾತ್ರಿ ಒದ್ದೆ. ಮಾತ್ರೆ ಬಿಟ್ಟ ಮೇಲೆ ಎಷ್ಟೋ ಮಕ್ಕಳಲ್ಲಿ ಹೀಗೆ ಮರಳೋದು ಮಾಮೂಲು. ಡಾಕ್ಟರು ಮತ್ತೆ ಮೂರು ತಿಂಗಳು ಬರೆದುಕೊಟ್ಟರು. ಮುಂದಿನ ಬಿಡುವು ದಸರಾ ರಜೆಗೆ ಇಟ್ಟುಕೊಂಡಿದ್ದಾರೆ, ಆ ವಾರ ಹೇಗೂ ಅವನು ಅಜ್ಜಿ ಮನೆಯಲ್ಲಿರ್ತಾನೆ.