ನೂರು ರೂಪಾಯಿಯ ಯೂನಿಟ್‌ಗೆ ನೂರಹದಿನೈದು ಕೊಟ್ಟರೆ

2022ರಲ್ಲಿ ಅಮೆರಿಕದ ನಾಸ್ಡಾಕ್-100 ಸೂಚ್ಯಂಕ ಸುಮಾರು ಶೇ 33ರಷ್ಟು ಕುಸಿಯಿತು. ಅದೇ ವರ್ಷ ನಮ್ಮ ನಿಫ್ಟಿ ಶೇ 4ರಷ್ಟು ಏರಿತು. ಮರುವರ್ಷ ನಾಸ್ಡಾಕ್ ಶೇ 50ಕ್ಕೂ ಹೆಚ್ಚು ಜಿಗಿಯಿತು, ನಿಫ್ಟಿ ಶೇ 20ರ ಆಸುಪಾಸಿನಲ್ಲಿ ಉಳಿಯಿತು. ಎರಡು ಮಾರುಕಟ್ಟೆಗಳು ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಬೀಳುವುದೇ ವಿದೇಶಿ ಫಂಡ್‌ನ ನಿಜವಾದ ಪ್ರಯೋಜನ. ರೂಪಾಯಿ ಕುಸಿದಾಗ ಡಾಲರ್ ಆಸ್ತಿಯ ಬೆಲೆ ನಮ್ಮ ಲೆಕ್ಕದಲ್ಲಿ ಏರುತ್ತದೆ. 2022ರಲ್ಲಿ ನಾಸ್ಡಾಕ್ ಹೂಡಿಕೆದಾರರ ನಷ್ಟ ರೂಪಾಯಿಯಲ್ಲಿ ಸುಮಾರು ಕಾಲುಭಾಗಕ್ಕೆ ನಿಂತದ್ದು ಈ ಕಾರಣಕ್ಕೇ.

ಆದರೆ ಈ ಪ್ರಯೋಜನಕ್ಕೆ ಎಷ್ಟು ಕೊಡುತ್ತೇವೆ ಎಂಬುದು ಫಂಡ್‌ನ ವೆಚ್ಚದ ಅನುಪಾತದಲ್ಲಷ್ಟೇ ಕಾಣುವುದಿಲ್ಲ. ಭಾರತದ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶಿ ಷೇರುಗಳಲ್ಲಿ ಹೂಡಬಹುದಾದ ಹಣಕ್ಕೆ 700 ಕೋಟಿ ಡಾಲರ್ ಮಿತಿಯಿದೆ. 2022ರ ಆರಂಭದಲ್ಲಿ ಆ ಮಿತಿ ಹತ್ತಿರವಾದಾಗ ಸೆಬಿ ಹೊಸ ಹೂಡಿಕೆಗೆ ತಡೆ ಹಾಕಿತು. ಆಮೇಲೆ ಸಡಿಲಿಸಿದರೂ ಇಕ್ಕಟ್ಟು ತಪ್ಪಲಿಲ್ಲ.

ಇದರ ಪೆಟ್ಟು ಬಿದ್ದದ್ದು ಇಟಿಎಫ್ ಕೊಳ್ಳುವವರಿಗೆ. ಸಾಮಾನ್ಯ ದಿನಗಳಲ್ಲಿ ಇಟಿಎಫ್‌ನ ಬೆಲೆ ಅದರ ಆಸ್ತಿಯ ಮೌಲ್ಯಕ್ಕಿಂತ ಮೇಲೆ ಹೋದರೆ ದೊಡ್ಡ ವಹಿವಾಟುದಾರರು ಫಂಡ್‌ಗೆ ಹಣ ಕೊಟ್ಟು ಹೊಸ ಯೂನಿಟ್ ಪಡೆದು ಮಾರುತ್ತಾರೆ, ಬೆಲೆ ಇಳಿಯುತ್ತದೆ. ಹೊಸ ಯೂನಿಟ್ ಹುಟ್ಟುವ ದಾರಿಯೇ ಮುಚ್ಚಿದರೆ ಇರುವಷ್ಟು ಯೂನಿಟ್‌ಗಳಿಗೇ ಪೈಪೋಟಿ. ಮೌಲ್ಯ 100 ರೂಪಾಯಿಯಿದ್ದಾಗ ನೀವು 115 ಕೊಟ್ಟು ಕೊಂಡಿರಿ ಎನ್ನೋಣ. ಮಾರುಕಟ್ಟೆ ಶೇ 10ರಷ್ಟು ಏರಿ ಮೌಲ್ಯ 110 ಆಯಿತು. ಅಷ್ಟರಲ್ಲಿ ಮಿತಿ ಸಡಿಲಗೊಂಡು ಹೆಚ್ಚುವರಿ ಬೆಲೆ ಕರಗಿದರೆ ಸಿಗುವುದು 110 ಮಾತ್ರ. ಅಮೆರಿಕ ಗೆದ್ದಿತು, ನಿಮಗೆ ಯೂನಿಟ್‌ಗೆ ಐದು ರೂಪಾಯಿ ನಷ್ಟ.

ಇದನ್ನು ಮೊದಲೇ ಕಂಡುಕೊಳ್ಳಬಹುದು. ಫಂಡ್ ಸಂಸ್ಥೆಯ ಜಾಲತಾಣದಲ್ಲಿ iNAV ಎಂಬ ಅಂಕಿ ವಹಿವಾಟಿನ ಹೊತ್ತಿನಲ್ಲಿ ಬದಲಾಗುತ್ತಿರುತ್ತದೆ. ಅದನ್ನು ಷೇರುಪೇಟೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ನಮ್ಮ ಹಗಲಿನಲ್ಲಿ ಅಮೆರಿಕದ ಪೇಟೆ ಮುಚ್ಚಿರುವುದರಿಂದ ಅಲ್ಪ ವ್ಯತ್ಯಾಸ ಸಹಜ. ಶೇ 5 ದಾಟಿದರೆ ನಾನಂತೂ ಕೊಳ್ಳಬೇಡಿ ಎನ್ನುತ್ತೇನೆ. ವಿದೇಶಿ ಫಂಡ್‌ನಲ್ಲೇ ನೇರವಾಗಿ ಹಣ ತೊಡಗಿಸುವ ಫಂಡ್ ಆಫ್ ಫಂಡ್ಸ್ ತೆರೆದಿದ್ದರೆ ಈ ತೊಡಕಿಲ್ಲ. ಅಲ್ಲಿ ಮೂಲ ಫಂಡ್‌ನ ಖರ್ಚೂ ಸೇರಿ ಎರಡು ಪದರ ವೆಚ್ಚ ಇರುತ್ತದೆ.

ತೆರಿಗೆಯಲ್ಲೂ ವ್ಯತ್ಯಾಸವಿದೆ. ವಿದೇಶಿ ಷೇರು ಫಂಡ್‌ನ ಯೂನಿಟ್ ಎರಡು ವರ್ಷ ದಾಟಿದ ಮೇಲೆ ಲಾಭಕ್ಕೆ ಶೇ 12.5 ತೆರಿಗೆ, ಇಟಿಎಫ್ ಆದರೆ ಒಂದು ವರ್ಷ ಸಾಕು. ಅದಕ್ಕೂ ಮುಂಚೆ ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬ್ ದರ. ದೇಶೀ ಷೇರು ಫಂಡ್‌ನ ದೀರ್ಘಾವಧಿ ಲಾಭಕ್ಕಿರುವ 1.25 ಲಕ್ಷ ರೂಪಾಯಿ ವಿನಾಯಿತಿ ಇಲ್ಲಿಲ್ಲ. ಒಂದು ಲಕ್ಷ ಲಾಭಕ್ಕೆ ಅಲ್ಲಿ ತೆರಿಗೆಯೇ ಬರದಿರಬಹುದು, ಇಲ್ಲಿ 12,500 ರೂಪಾಯಿ ಮತ್ತು ಸೆಸ್. ಆದರೂ ವಿದೇಶಿ ಖಾತೆ ತೆರೆದು ನೇರವಾಗಿ ಷೇರು ಕೊಂಡವರಂತೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎ ತುಂಬುವ ಕೆಲಸ ಈ ಫಂಡ್‌ಗಳಿಗಿಲ್ಲ, ಏಕೆಂದರೆ ನಿಮ್ಮ ಕೈಯಲ್ಲಿರುವುದು ಭಾರತೀಯ ಫಂಡ್‌ನ ಯೂನಿಟ್.