ಎರಡು ಸಾಲಿನ ನಮಸ್ಕಾರ

‘ಹಾಯ್ ಬ್ರೋ, ನಿಮ್ಮ ಕಂಪನಿಲಿ ವೇಕೆನ್ಸಿ ಇದ್ಯಾ? ಪ್ಲೀಸ್ ರೆಫರ್ ಮಾಡಿ.’ ಲಿಂಕ್ಡ್‌ಇನ್‌ನಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಇಂಥ ಸಂದೇಶಗಳು ಬರುತ್ತಲೇ ಇರುತ್ತವೆ. ಓದುವವರು ಹೆಣ್ಣುಮಗಳಾಗಿದ್ದರೆ ‘ಬ್ರೋ’ ಅನ್ನುವಲ್ಲೇ ಗೊತ್ತಾಗುತ್ತದೆ, ಇದನ್ನು ಹತ್ತಾರು ಜನರಿಗೆ ಹಾಗೆಯೇ ಕಳಿಸಲಾಗಿದೆ ಎಂದು.

ಆದರೆ ದೊಡ್ಡ ತೊಡಕು ಮಾತಿನ ಧಾಟಿಯದಲ್ಲ, ಕೇಳಿಕೆಯದು. ರೆಫರ್ ಮಾಡುವವರು ತಮ್ಮ ಹೆಸರನ್ನು ಪಣಕ್ಕಿಡುತ್ತಾರೆ. ಪರಿಚಯವೇ ಇಲ್ಲದವರಿಗಾಗಿ ಅದನ್ನು ಮಾಡಲು ಯಾರೂ ಹಿಂಜರಿಯುತ್ತಾರೆ. ಯಾವ ಹುದ್ದೆ, ಏನು ಓದಿದ್ದೀರಿ ಎಂಬುದನ್ನೂ ಅವರೇ ಹುಡುಕಬೇಕೆಂದರೆ ಉತ್ತರ ಬರುವುದಿಲ್ಲ.

ಅದೇ ಹುಡುಗ ಹೀಗೆ ಬರೆಯಬಹುದು: ‘ನಮಸ್ಕಾರ ಮೇಡಂ. ನಾನು ನಮ್ಮ ಕಾಲೇಜಿನ 2024ರ ಮೆಕ್ಯಾನಿಕಲ್ ಬ್ಯಾಚ್. ನೀವು ಡಿಸೈನ್‌ನಿಂದ ಟೆಸ್ಟಿಂಗ್‌ಗೆ ಬಂದದ್ದು ನೋಡಿದೆ. ನನಗೂ ಅದೇ ಆಸಕ್ತಿ. ಮೊದಲು ಏನು ಕಲಿಯಬೇಕೆಂದು ಎರಡು ಸಾಲು ತಿಳಿಸುವಿರಾ?’

ಉಚಿತ ಖಾತೆಯಲ್ಲಿ ಪರಿಚಯದ ಕೋರಿಕೆಯ ಜೊತೆ ಬರೆಯಲು ಸಿಗುವುದು 200 ಅಕ್ಷರ. ಇದು ಅದರೊಳಗೆ ಕೂರುತ್ತದೆ. ಕಾಲೇಜು ನಂಟನ್ನು ತೋರುತ್ತದೆ, ‘ಡಿಸೈನ್‌ನಿಂದ ಟೆಸ್ಟಿಂಗ್‌ಗೆ’ ಎಂಬ ಮಾತು ಅವರ ಪ್ರೊಫೈಲ್ ಓದಿದ್ದಕ್ಕೆ ಸಾಕ್ಷಿ. ಕೇಳಿದ್ದು ಬಸ್ಸಿನಲ್ಲಿ ಕೂತೇ ಉತ್ತರಿಸಬಹುದಾದ ಪ್ರಶ್ನೆ. ನನ್ನ ಮಟ್ಟಿಗೆ ನಿಜವಾದ ಗೌರವ ಇರುವುದು ‘ಮೇಡಂ’ ಎಂಬ ಪದಕ್ಕಿಂತ ಇಲ್ಲಿ.

ಹೆಸರು, ವಿವರ ಬದಲಿಸದೆ ಬೇರೆಯವರಿಗೂ ಇದನ್ನೇ ಕಳಿಸಲು ಸಾಧ್ಯವಾದರೆ, ಅದಿನ್ನೂ ತಿದ್ದಬೇಕಾದ ಸಂದೇಶ. ವಾರ ಕಳೆದರೂ ಉತ್ತರವಿಲ್ಲವೇ? ಒಮ್ಮೆ ಮಾತ್ರ ಮೆಲ್ಲಗೆ ನೆನಪಿಸಿ. ಉತ್ತರ ಬಂದರೆ ಅವರು ಹೇಳಿದ್ದನ್ನು ಕಲಿತು, ಕಲಿತದ್ದನ್ನು ಅವರಿಗೆ ತಿಳಿಸಿ. ರೆಫರಲ್ ಕೇಳುವುದು ಆಮೇಲೆ, ಹುದ್ದೆಯ ಲಿಂಕ್ ಸಮೇತ.