ಲಕೋಟೆಯ ಮೇಲಿನ ತಾರೀಖು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಮೆಷಿನ್ ಓಡಿಸಿದ ಒಬ್ಬ ಆಪರೇಟರ್ ಇದ್ದಾನೆ ಎಂದಿಟ್ಟುಕೊಳ್ಳೋಣ. ಸೂಪರ್‌ವೈಸರ್‌ಗೆ ಬೈದ ಎಂಬ ಆರೋಪದ ಮೇಲೆ ಚಾರ್ಜ್‌ಶೀಟ್ ಕೊಟ್ಟರು, ಆಂತರಿಕ ವಿಚಾರಣೆ ನಡೆಸಿದರು. 2026ರ ಜನವರಿ 5ರ ತಾರೀಖು ಹಾಕಿದ ವಜಾ ಆದೇಶ ಜನವರಿ 9ರಂದು ಅಂಚೆಯಲ್ಲಿ ಮನೆಗೆ ಬಂತು. ಆದೇಶವನ್ನು ಅವನು ನಾಲ್ಕು ಸಲ ಓದಿದ. ಲಕೋಟೆ ಅಡುಗೆಮನೆಯ ಒಲೆ ಸೇರಿತು.

ಇಂಥ ಪ್ರಕರಣಗಳಲ್ಲಿ ಮೊದಲ ನಷ್ಟ ಆಗುವುದು ಇಲ್ಲೇ. ಕಾಗದ ಯಾವತ್ತು ಕೈಸೇರಿತು ಎಂಬುದಕ್ಕೆ ಅಂಚೆಮುದ್ರೆ ಬಿದ್ದ ಆ ಲಕೋಟೆಗಿಂತ ಸುಲಭದ ಸಾಕ್ಷಿ ಇನ್ನೊಂದಿಲ್ಲ. ಕೈಗಾರಿಕಾ ವಿವಾದದ ದಾರಿಯಲ್ಲಿ ತಾರೀಖು ಎಣಿಸುವ ಕೆಲಸ ಮುಗಿಯುವುದೇ ಇಲ್ಲ, ಎಣಿಕೆ ಪ್ರತಿ ಹಂತದಲ್ಲೂ ಬೇರೆ ಬೇರೆ ದಿನದಿಂದ ಶುರುವಾಗುತ್ತದೆ.

2025ರ ನವೆಂಬರ್ 21ರವರೆಗೆ ಈ ದಾರಿಯನ್ನು ಹಾಕಿಕೊಟ್ಟಿದ್ದುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ಮೊದಲು ಸಂಧಾನ, ಅದು ಮುರಿದರೆ ಸರ್ಕಾರಕ್ಕೆ ವರದಿ, ಸರ್ಕಾರಕ್ಕೆ ಸರಿಕಂಡರೆ ಕಾರ್ಮಿಕ ನ್ಯಾಯಾಲಯಕ್ಕೋ ಕೈಗಾರಿಕಾ ನ್ಯಾಯಮಂಡಳಿಗೋ ಒಪ್ಪಿಸುವುದು. ಸ್ಥೂಲವಾಗಿ, ವಜಾ, ಅಮಾನತುಗಳಂಥ ವಿಷಯ ಕಾರ್ಮಿಕ ನ್ಯಾಯಾಲಯದ್ದು. ಸಂಬಳ, ಬೋನಸ್, ಕೆಲಸದ ಅವಧಿಗಳಂಥ ಎಲ್ಲರಿಗೂ ತಟ್ಟುವ ವಿಷಯ ನ್ಯಾಯಮಂಡಳಿಯದ್ದು. ಸರ್ಕಾರದ ಆ ‘ರೆಫರೆನ್ಸ್’ಗಾಗಿ ಕಾದು ಕಾದು ಸುಸ್ತಾದವರ ಕಥೆಗಳನ್ನು ಯಾವ ಯೂನಿಯನ್ ಆಫೀಸಿನಲ್ಲಾದರೂ ಕೇಳಬಹುದು. ಕರ್ನಾಟಕ ಇದಕ್ಕೊಂದು ಒಳದಾರಿ ಮಾಡಿತ್ತು. 1988ರಲ್ಲಿ ಬಂದ ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ವಜಾ ಆದ ಕಾರ್ಮಿಕ ಆದೇಶ ತಲುಪಿದ ಆರು ತಿಂಗಳೊಳಗೆ, ಸಂಧಾನವನ್ನೂ ಸರ್ಕಾರವನ್ನೂ ದಾಟಿ, ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಿತ್ತು. ಕೇಂದ್ರ ಇಂಥದೊಂದು ಅವಕಾಶ ಕೊಟ್ಟಿದ್ದು 2010ರಲ್ಲಿ: ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಾದ ಮೇಲೆ, ವಜಾ ಆದ ಮೂರು ವರ್ಷದೊಳಗೆ, ನ್ಯಾಯಾಲಯಕ್ಕೆ ಹೋಗಬಹುದು ಎಂದು.

ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ‘ಕಾರ್ಮಿಕ ನ್ಯಾಯಾಲಯ’ ಎಂಬ ಬೋರ್ಡೇ ಇಲ್ಲ. ಎರಡೂ ಕೆಲಸ ನ್ಯಾಯಮಂಡಳಿಗೇ. ಬಾಕಿ ಪ್ರಕರಣಗಳೂ ಅಲ್ಲಿಗೇ ವರ್ಗವಾಗಬೇಕು. ಹೊಸ ಮಂಡಳಿಗಳು ರಚನೆಯಾಗುವವರೆಗೆ ಹಳೆಯ ನ್ಯಾಯಾಲಯಗಳೇ ಮುಂದುವರಿಯುವ ವ್ಯವಸ್ಥೆ ಮಾಡಿದ್ದಾರೆ. ಸರ್ಕಾರದ ರೆಫರೆನ್ಸಿಗಾಗಿ ಕಾಯುವ ಗೋಳು ತಪ್ಪಿತು, ಅದು ಒಳ್ಳೆಯದೇ. ಆದರೆ ನಮ್ಮ ಆಪರೇಟರ್ ಸಂಧಾನದ ಬಾಗಿಲನ್ನು ದಾಟಿಯೇ ಹೋಗಬೇಕು.

ಅಲ್ಲಿಗೆ ಹೋಗಲು ಎಷ್ಟು ಕಾಲ ಇದೆ? ವಿವಾದ ಹುಟ್ಟಿದ ದಿನದಿಂದ ಎರಡು ವರ್ಷ. ಅದಾದ ಮೇಲೆ ಸಂಧಾನ ನಡೆಸಲು ಅಧಿಕಾರಿಗೇ ಅಧಿಕಾರವಿಲ್ಲ. ಹಳೆಯ ಕಾಯ್ದೆಯಲ್ಲಿ ರೆಫರೆನ್ಸಿಗೆ ಇಂತಿಷ್ಟೇ ವರ್ಷ ಎಂಬ ಗೆರೆ ಇರಲಿಲ್ಲ. ಏಳು ವರ್ಷ ಸುಮ್ಮನಿದ್ದು ಬಂದ ಬ್ಯಾಂಕ್ ನೌಕರನೊಬ್ಬನಿಗೆ ‘ವಿವಾದ ತಣ್ಣಗಾಗಿದೆ’ ಎಂಬರ್ಥದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಬಾಗಿಲು ಹಾಕಿತು. ಅದಕ್ಕೆ ಒಂದು ವರ್ಷ ಹಿಂದೆ, ಅಷ್ಟೇ ತಡವಾಗಿ ಬಂದ ಸಹಕಾರ ಸಂಘದ ನೌಕರನಿಗೆ ಪರಿಹಾರ ಉಳಿಸಿ ಹಿಂಬಾಕಿಯಲ್ಲಿ ಮಾತ್ರ ಕತ್ತರಿಸಿತ್ತು. ಈ ತೂಗಾಟಕ್ಕೆ ಸಂಹಿತೆ ಎರಡು ವರ್ಷದ ಗೆರೆ ಎಳೆದಿದೆ. ‘ಮುಂದಿನ ವಾರ ಬಾ, ಮಾತಾಡೋಣ’ ಎಂದು ಮ್ಯಾನೇಜರ್ ಹೇಳುತ್ತಲೇ ಇದ್ದರೆ ಎರಡು ವರ್ಷ ದೊಡ್ಡ ಅವಧಿಯೇನೂ ಅಲ್ಲ.

ನಮ್ಮವನು ಫೆಬ್ರುವರಿ 20ರಂದು ಅರ್ಜಿ ಕೊಟ್ಟ. ಬೆಂಗಳೂರಿನಲ್ಲಿ ಇದಕ್ಕೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಮೆಟ್ಟಿಲು ಹತ್ತುವುದು ವಾಡಿಕೆ. ಅರ್ಜಿಯ ಎರಡನೇ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಂಡು ಬಂದದ್ದು ಅವನು ಮಾಡಿದ ಜಾಣ ಕೆಲಸ. ಎರಡು ಕಡೆಯವರಿಗೂ ನೋಟಿಸು ಹೋಗಿ ಮಾರ್ಚ್ 16ರಂದು ಮೊದಲ ಸಭೆ.

ಸಭೆ ಎಂದರೆ ಕೋರ್ಟಲ್ಲ. ಒಂದು ಮೇಜು, ಆಚೆ ಸಂಧಾನಾಧಿಕಾರಿ, ಈಚೆ ಯೂನಿಯನ್ ಕಾರ್ಯದರ್ಶಿ, ಕಾರ್ಮಿಕ, ಕಂಪನಿಯ ಎಚ್‌ಆರ್.

“ಏನ್ರೀ, ಹನ್ನೆರಡು ವರ್ಷದ ಸರ್ವೀಸು. ಒಂದು ಇನ್‌ಕ್ರಿಮೆಂಟ್ ಕಟ್ ಮಾಡಿ ಒಳಗೆ ತಗೊಳ್ಳೋಕೆ ಆಗಲ್ವಾ?”

“ನನ್ನ ಕೈಯಲ್ಲಿಲ್ಲ ಸಾರ್, ಮೇಲಿನವರನ್ನ ಕೇಳಬೇಕು. ಒಂದು ಡೇಟ್ ಕೊಡಿ.”

ಈ ‘ಒಂದು ಡೇಟ್ ಕೊಡಿ’ ಎಂಬ ಮಾತಿನಲ್ಲೇ ತಿಂಗಳುಗಳು ಕರಗುತ್ತವೆ. ಸಂಧಾನಾಧಿಕಾರಿ ಎರಡು ಕಡೆಯವರನ್ನೂ ಕರೆಯಬಹುದು, ಒಪ್ಪಿಸಲು ನೋಡಬಹುದು. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವಂತಿಲ್ಲ. ಒಪ್ಪಂದವಾಗಿ ಇಬ್ಬರೂ ಸಹಿ ಹಾಕಿದರೆ ವಿವಾದ ಅಲ್ಲಿಗೇ ಮುಗಿಯಿತು. ಆಗದಿದ್ದರೆ 45 ದಿನದೊಳಗೆ ವಿಫಲತೆಯ ವರದಿ ಕಳಿಸಬೇಕು. ಮುಷ್ಕರದ ನೋಟಿಸು ಬಂದ ವಿವಾದವಾದರೆ 14 ದಿನ ಮಾತ್ರ. ಮೊದಲ ಸಭೆಯಿಂದ ಎಣಿಸಿದರೆ ನಮ್ಮವನ ಸಂಧಾನ ಏಪ್ರಿಲ್ 30ಕ್ಕೆ ಮುಗಿಯಬೇಕಿತ್ತು.

ಮುಗಿಯದಿದ್ದರೆ? ಹಳೆಯ ಕಾಯ್ದೆಯಲ್ಲಿ ಎಲ್ಲ ಸಂಧಾನಕ್ಕೂ 14 ದಿನವೇ ಇತ್ತು. ಅದು ಮೀರಿದರೆ ಏನು ಎಂಬ ಪ್ರಶ್ನೆ 1959ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮುಂಬೈನ ಅಂಧೇರಿ–ಮರೋಳ್–ಕುರ್ಲಾ ಬಸ್ ಸರ್ವೀಸಿನವರು 14 ದಿನ ಕಳೆದಿದೆ, ಸಂಧಾನ ತಾನಾಗಿ ಮುಗಿದಿದೆ ಎಂದು ಎಣಿಸಿ ಒಬ್ಬ ಕೆಲಸಗಾರನನ್ನು ಅನುಮತಿಯಿಲ್ಲದೆ ತೆಗೆದುಹಾಕಿದರು. ಅವಧಿ ಮುಗಿದ ಮಾತ್ರಕ್ಕೆ ಸಂಧಾನ ಮುಗಿಯುವುದಿಲ್ಲ, ವರದಿ ಸರ್ಕಾರದ ಕೈಸೇರಿದಾಗ ಮುಗಿಯುತ್ತದೆ ಎಂದಿತು ನ್ಯಾಯಾಲಯ. ಮಾಲೀಕರಿಗೆ ಆಗಿದ್ದ ಶಿಕ್ಷೆ ಉಳಿಯಿತು. ಅಧಿಕಾರಿ ತಡಮಾಡಿದರೆ ಅಧಿಕಾರಿಗೆ ಏನೂ ಆಗಲಿಲ್ಲ, ಅದನ್ನು ನಂಬಿ ಹೆಜ್ಜೆ ಇಟ್ಟವರು ಸಿಕ್ಕಿಬಿದ್ದರು. ಗಡುವುಗಳ ಈ ಸ್ವಭಾವ ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ: ಅಧಿಕಾರಿಗೂ ನ್ಯಾಯಾಲಯಕ್ಕೂ ಹಾಕಿದ ಗಡುವು ಬುದ್ಧಿಮಾತಿನಂತೆ, ಅರ್ಜಿದಾರನಿಗೆ ಹಾಕಿದ್ದು ಬೀಗದಂತೆ. ಹಳೆಯ ಕಾಯ್ದೆ ಒಬ್ಬ ಕಾರ್ಮಿಕನ ವಿವಾದವನ್ನು ಮೂರು ತಿಂಗಳಲ್ಲಿ ತೀರ್ಮಾನಿಸಿ ಎಂದೇ ಹೇಳುತ್ತಿತ್ತು. ಜೊತೆಗೆ, ಅವಧಿ ಮೀರಿತೆಂದು ಪ್ರಕರಣ ಬಿದ್ದುಹೋಗದು ಎಂದೂ ಹೇಳುತ್ತಿತ್ತು. ಅದರ ಅರ್ಥವನ್ನು ವರ್ಷಗಟ್ಟಲೆ ಅಲೆದವರು ಬಲ್ಲರು.

ಮೇ 12ರಂದು ವಿಫಲತೆಯ ವರದಿ ನಮ್ಮವನ ಕೈಗೆ ಬಂತು. ಈಗ ಬೀಗದಂಥ ಗಡುವು ಶುರು: ವರದಿ ತಲುಪಿದ ದಿನದಿಂದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ. ವರದಿಯ ಮೇಲಿರುವ ತಾರೀಖಿನಿಂದಲ್ಲ, ತಲುಪಿದ ತಾರೀಖಿನಿಂದ. ಮೇ ತಿಂಗಳ 19 ದಿನ, ಜೂನ್ 30, ಜುಲೈ 31, ಸೇರಿ 80, ಇನ್ನು ಹತ್ತು. ಆಗಸ್ಟ್ 10, ಸೋಮವಾರ. ತಡವಾದರೆ ಮನ್ನಿಸಬಹುದು ಎಂಬ ಮಾತು ಆ ಉಪಕಲಮಿನಲ್ಲಿ ಇಲ್ಲ. ಎರಡು ವರ್ಷದ ಅವಕಾಶ ಇದೆಯಲ್ಲ ಎಂದು ಕೂತವರು ಈ ತೊಂಬತ್ತರಲ್ಲಿ ಎಡವುತ್ತಾರೆ. ಎರಡು ವರ್ಷ ಸಂಧಾನದ ಬಾಗಿಲಿಗೆ, ತೊಂಬತ್ತು ದಿನ ಮಂಡಳಿಯ ಬಾಗಿಲಿಗೆ. ಒಂದರ ಉಳಿಕೆ ಇನ್ನೊಂದಕ್ಕೆ ಜಮೆಯಾಗುವುದಿಲ್ಲ. ಈ ಸಲ ಅವನು ಲಕೋಟೆಯನ್ನು ಎತ್ತಿಟ್ಟಿದ್ದ.

ಸಂಹಿತೆಯ ಪ್ರಕಾರ ವಜಾ ಪ್ರಕರಣ ಕೇಳಬೇಕಾದ್ದು ಇಬ್ಬರ ಪೀಠ, ಒಬ್ಬರು ನ್ಯಾಯಾಂಗ ಸದಸ್ಯರು, ಇನ್ನೊಬ್ಬರು ಆಡಳಿತ ಸದಸ್ಯರು. ಕಾರ್ಮಿಕ ತನ್ನ ಕ್ಲೇಮ್ ಸ್ಟೇಟ್‌ಮೆಂಟ್ ಹಾಕುತ್ತಾನೆ, ಕಂಪನಿ ಉತ್ತರ ಕೊಡುತ್ತದೆ. ರೂಢಿಯಲ್ಲಿ ಮೊದಲು ಎತ್ತಿಕೊಳ್ಳುವ ಪ್ರಶ್ನೆ ಅವನು ಬೈದನೋ ಇಲ್ಲವೋ ಎಂಬುದಲ್ಲ, ಆಂತರಿಕ ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂಬುದು. ಚಾರ್ಜ್‌ಶೀಟ್ ಅವನಿಗೆ ಗೊತ್ತಿರುವ ಭಾಷೆಯಲ್ಲಿತ್ತೇ, ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಬಿಟ್ಟರೇ, ವಿಚಾರಣಾ ವರದಿಯ ಪ್ರತಿ ಕೊಟ್ಟರೇ? ವಿಚಾರಣೆ ಬಿದ್ದುಹೋದರೂ ಕಂಪನಿಗೆ ಇನ್ನೊಂದು ಅವಕಾಶ ಉಂಟು. ಮಂಡಳಿಯ ಮುಂದೆಯೇ ಹೊಸದಾಗಿ ಸಾಕ್ಷ್ಯ ತಂದು ತಪ್ಪನ್ನು ಸಾಬೀತುಪಡಿಸಬಹುದು. ಆದರೆ ಆ ಅವಕಾಶವನ್ನು ಯಾವಾಗ ಕೇಳಬೇಕು? ಇದನ್ನು ತೀರ್ಮಾನಿಸಿದ್ದು ನಮ್ಮದೇ ಕೆಎಸ್‌ಆರ್‌ಟಿಸಿಯ ಪ್ರಕರಣ. ಕೇಳುವುದಿದ್ದರೆ ಮೊದಲ ಲಿಖಿತ ಉತ್ತರದಲ್ಲೇ ಕೇಳಿರಬೇಕು ಎಂದು 2001ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಬಹುಮತದಿಂದ ಹೇಳಿತು. ಹಾಗಾಗಿ ಕಂಪನಿಗಳ ಉತ್ತರದ ಕೊನೆಯಲ್ಲಿ ‘ವಿಚಾರಣೆ ಸರಿಯಿಲ್ಲವೆಂದಾದರೆ ಸಾಕ್ಷ್ಯ ಒದಗಿಸಲು ಅನುಮತಿ ಕೊಡಬೇಕು’ ಎಂಬ ಸಾಲು ಇರುತ್ತದೆ. ಕಾರ್ಮಿಕನ ಕಡೆಯ ವಕೀಲರು ಮೊದಲು ಹುಡುಕುವ ಸಾಲೂ ಅದೇ.

ತಪ್ಪು ಸಾಬೀತಾದರೂ ಶಿಕ್ಷೆ ಹೆಚ್ಚಾಯಿತು ಎಂದು ಕಂಡರೆ ಮಂಡಳಿ ಅದನ್ನು ಇಳಿಸಬಹುದು. ಒಂದು ಬೈಗುಳಕ್ಕೆ ಹನ್ನೆರಡು ವರ್ಷದ ಕೆಲಸ ಹೋಗಬೇಕೇ ಎಂಬ ವಾದ ನಿಲ್ಲುವುದು ಇಲ್ಲಿಯೇ. ಹಿಂಬಾಕಿ ವೇತನ ಬೇಕಾದರೆ ವಜಾ ಆದಂದಿನಿಂದ ಬೇರೆ ಸಂಪಾದನೆ ಇರಲಿಲ್ಲ, ಅಥವಾ ಕಡಿಮೆ ಇತ್ತು ಎಂದು ಕಾರ್ಮಿಕ ಬಾಯಿಬಿಟ್ಟು ಹೇಳಿರಬೇಕು. ಕ್ಲೇಮ್ ಸ್ಟೇಟ್‌ಮೆಂಟಿನಲ್ಲಿ ಈ ಒಂದು ಸಾಲು ಬಿಟ್ಟುಹೋಗಿ, ಕೆಲಸ ಸಿಕ್ಕಿಯೂ ಲಕ್ಷಾಂತರ ರೂಪಾಯಿ ಕಳೆದುಕೊಳ್ಳುವ ಅಪಾಯ ಉಂಟು.

ಐತೀರ್ಪು ಕಾರ್ಮಿಕನ ಪರ ಬಂತು ಎನ್ನೋಣ. ಹಿಂದೆ ಸರ್ಕಾರ ಅದನ್ನು 30 ದಿನದೊಳಗೆ ಪ್ರಕಟಿಸಬೇಕಿತ್ತು, ಪ್ರಕಟಿಸಿ ಮತ್ತೆ 30 ದಿನವಾದ ಮೇಲೆ ಅದು ಜಾರಿಯಾಗುತ್ತಿತ್ತು. ಸಂಹಿತೆಯಲ್ಲಿ ಐತೀರ್ಪನ್ನು ತಲುಪಿಸಿದ ದಿನದಿಂದಲೇ 30 ದಿನ. ಆ ಮೂವತ್ತರೊಳಗೆ ಕಂಪನಿಯ ವಕೀಲರು ಹೈಕೋರ್ಟಿನಲ್ಲಿ ರಿಟ್ ಹಾಕಿ ತಡೆಯಾಜ್ಞೆ ಕೇಳುವುದು ಸಾಮಾನ್ಯ.

ಅಲ್ಲಿ ಪ್ರಕರಣ ಎಷ್ಟು ವರ್ಷ ಇರುತ್ತದೆ ಎಂಬುದಕ್ಕೆ ಯಾವ ಗಡುವೂ ಇಲ್ಲ. ಆ ಕಾಲಕ್ಕೆಂದೇ ಕಾನೂನು ಒಂದು ಊರುಗೋಲು ಕೊಟ್ಟಿದೆ: ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂಬ ಐತೀರ್ಪನ್ನು ಮಾಲೀಕರು ಪ್ರಶ್ನಿಸಿದರೆ, ತೀರ್ಮಾನವಾಗುವವರೆಗೆ ಕಾರ್ಮಿಕನಿಗೆ ಕೊನೆಯದಾಗಿ ಪಡೆಯುತ್ತಿದ್ದಷ್ಟು ಸಂಬಳ ಕೊಡಬೇಕು. ಅದಕ್ಕೆ ಅವನು ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಪ್ರಮಾಣಪತ್ರ ಹಾಕಬೇಕು. ನಮ್ಮ ಆಪರೇಟರ್ ಇಷ್ಟು ಹೊತ್ತಿಗೆ ಮನೆ ಬಾಡಿಗೆ, ಮಗಳ ಶಾಲೆಯ ಫೀಸು ಎಂದು ದಾಸರಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ದಿನಗೂಲಿಗೆ ಲೇತ್ ಓಡಿಸುತ್ತಿರುತ್ತಾನೆ. ವಕೀಲರು ಟೈಪ್ ಮಾಡಿಸಿದ ಪ್ರಮಾಣಪತ್ರ ಮೇಜಿನ ಮೇಲಿದೆ, ಪೆನ್ನು ಕೈಯಲ್ಲಿದೆ. “ದಿನಗೂಲಿಯನ್ನೂ ಕೆಲಸ ಅಂತಾರಾ ಸಾರ್?” ಎಂದು ಕೇಳುತ್ತಾನೆ.